ರಕ್ತಪರೀಕ್ಷೆಯ ವರದಿಯನ್ನು ಪಟ್ಟಿ ಮಾಡಿದೆ, ಕಡಿಮೆ ಇರುವ ಹಿಮೋಗ್ಲೋಬಿನ್‌ಗೆ H ಎಂದು ಬರುತ್ತಿದೆ

ತುಂಗಾತೀರ · ಶನಿವಾರ, ಬೆಳಿಗ್ಗೆ 8:40

ನಮ್ಮ ತಾಯಿಗೆ 58 ವರ್ಷ. ಎರಡು ತಿಂಗಳಿಂದ ಸುಸ್ತು, ಮೆಟ್ಟಿಲು ಹತ್ತಿದರೆ ಏದುಸಿರು. ಶಿವಮೊಗ್ಗದಲ್ಲಿ ರಕ್ತಪರೀಕ್ಷೆ ಮಾಡಿಸಿದ್ದೇವೆ. ತಂದೆಯವರು ವರದಿಯನ್ನು ಮೊಬೈಲಿನಲ್ಲಿ ತೆರೆದು ಮೂರು ಸ್ಕ್ರೀನ್‌ಶಾಟ್ ತೆಗೆದು ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಿದರು. ನಾನಿರುವುದು ಬೆಂಗಳೂರಿನಲ್ಲಿ. ಸೋಮವಾರ ವೈದ್ಯರ ಬಳಿ ಹೋಗುವಾಗ ಕಳೆದ ವರ್ಷದ ಅಂಕಿಗಳ ಪಕ್ಕದಲ್ಲಿ ಈ ವರ್ಷದವನ್ನೂ ಇಟ್ಟು, ಮಿತಿಯಿಂದ ಹೊರಗಿರುವುದನ್ನು ಗುರುತಿಸಿ ಒಂದೇ ಹಾಳೆಯಲ್ಲಿ ಕೊಡಬೇಕೆಂದಿದ್ದೇನೆ.

ಚಿತ್ರದಿಂದ ಅಕ್ಷರಗಳನ್ನು ಎತ್ತುವ ಸೌಲಭ್ಯ ನನ್ನ ಫೋನಿನಲ್ಲಿದೆ. ಅದರಿಂದ ನಕಲು ಮಾಡಿ ಎಕ್ಸೆಲ್‌ಗೆ ಹಾಕಿದೆ. B ಕಂಬದಲ್ಲಿ ಬಂದಿರುವ ಬೆಲೆ, D ಯಲ್ಲಿ ಕೆಳಮಿತಿ, E ಯಲ್ಲಿ ಮೇಲ್ಮಿತಿ. ಗುರುತಿಗೆ ಈ ಸೂತ್ರ:

```
=IF(B2<D2,"L",IF(B2>E2,"H",""))
```

ಹಿಮೋಗ್ಲೋಬಿನ್ 10.4 ಇದೆ. ವರದಿಯಲ್ಲಿ ಮುದ್ರಿಸಿರುವ ಮಿತಿ 12.0ರಿಂದ 15.0. L ಬರಬೇಕಲ್ಲವೇ? H ಎಂದು ಬರುತ್ತಿದೆ! ಎಚ್‌ಡಿಎಲ್ 46 ಇದೆ, ಎದುರಿಗೆ ">40" ಎಂದು ಮಾತ್ರ ಮುದ್ರಿಸಿದ್ದಾರೆ. ಅದಕ್ಕೂ H. ಇಯೊಸಿನೊಫಿಲ್‌ನ 1-6 ಎಂಬ ಮಿತಿ ಅಂಟಿಸಿದ ಕೂಡಲೇ ಜೂನ್ ಒಂದನೇ ತಾರೀಖಾಗಿ ಕುಳಿತಿತು. ಎಲ್ಲವನ್ನೂ ಅಳಿಸಿ ಕೈಯಲ್ಲೇ ಬರೆದುಬಿಡಲೇ ಎನ್ನಿಸುತ್ತಿದೆ. ತಿಳಿದವರು ಹೇಳಿ.

ಚಾಮುಂಡಿಪುರದ ಅಕ್ಕ · 8:52

ಹಿಮೋಗ್ಲೋಬಿನ್ 10 ಎಂದರೆ ಕಡಿಮೆಯೇ ತಂಗಿ. ನುಗ್ಗೆಸೊಪ್ಪಿನ ಪಲ್ಯ ಮಾಡಿ ಕೊಡು. ಊಟವಾದ ಕೂಡಲೇ ಕಾಫಿ ಕುಡಿಯುವ ಅಭ್ಯಾಸವಿದ್ದರೆ ಬಿಡಿಸು. ನಮ್ಮ ಅತ್ತೆಗೆ ಹೀಗೆಯೇ ಆಗಿತ್ತು.

ತುಂಗಾತೀರ · 8:55

ಧನ್ಯವಾದ ಅಕ್ಕ, ತಾಯಿಗೆ ಹೇಳುತ್ತೇನೆ. ನನಗೆ ಈಗ ಸಿಕ್ಕಿಹಾಕಿಕೊಂಡಿರುವುದು ಹಾಳೆಯಲ್ಲಿ. ಕಡಿಮೆ ಇರುವುದನ್ನು ಅದು ಹೆಚ್ಚು ಎಂದು ತೋರಿಸುತ್ತಿದೆ.

ಜಮಾ ಖರ್ಚು · 9:10

ನಾನು ದಾವಣಗೆರೆಯಲ್ಲಿ ಲೆಕ್ಕಪತ್ರದ ಕೆಲಸ ಮಾಡುವವನು. ದಿನವಿಡೀ ಎಕ್ಸೆಲ್‌ನಲ್ಲೇ ಇರುತ್ತೇನೆ. ಒಂದು ಕೇಳುತ್ತೇನೆ: ಆ 10.4 ಕೋಶದ ಎಡಕ್ಕೆ ಅಂಟಿಕೊಂಡಿದೆಯೇ, ಬಲಕ್ಕೆ ಅಂಟಿಕೊಂಡಿದೆಯೇ?

ತುಂಗಾತೀರ · 9:13

ಎಡಕ್ಕೆ. ಉಳಿದ ಅಂಕಿಗಳು ಬಲಕ್ಕಿವೆ. ಇದನ್ನು ನಾನು ಗಮನಿಸಿರಲೇ ಇಲ್ಲ.

ಜಮಾ ಖರ್ಚು · 9:26

ಹಾಗಾದರೆ ಅದು ಅಂಕಿಯಲ್ಲ, ಅಕ್ಷರ. ಕೋಶದ ಮೇಲೆ ಒತ್ತಿ, ಸೂತ್ರದ ಪಟ್ಟಿಯಲ್ಲಿ ದೊಡ್ಡದು ಮಾಡಿ ನೋಡಿ. ಸೊನ್ನೆಯ ಜಾಗದಲ್ಲಿ ಇಂಗ್ಲಿಷಿನ O ಅಕ್ಷರ ಇರಬಹುದು, ಅಥವಾ ಕೊನೆಯಲ್ಲಿ ಒಂದು ನಕ್ಷತ್ರವೋ ಖಾಲಿ ಜಾಗವೋ ಸೇರಿಕೊಂಡಿರಬಹುದು. ಎಕ್ಸೆಲ್ ಅಕ್ಷರವನ್ನೂ ಅಂಕಿಯನ್ನೂ ಹೋಲಿಸುವಾಗ ಅಕ್ಷರವೇ ದೊಡ್ಡದು ಎಂದು ತೀರ್ಮಾನಿಸುತ್ತದೆ. ಹಾಗಾಗಿ 12ಕ್ಕಿಂತ ಕಡಿಮೆಯೇ ಎಂದು ಕೇಳಿದಾಗ ಇಲ್ಲ ಎನ್ನುತ್ತದೆ, 15ಕ್ಕಿಂತ ಹೆಚ್ಚೇ ಎಂದಾಗ ಹೌದು ಎನ್ನುತ್ತದೆ. ಕಾಣುವುದು H.

ಎಚ್‌ಡಿಎಲ್‌ನ ಕಥೆ ಬೇರೆ. ಅದಕ್ಕೆ ಮೇಲ್ಮಿತಿಯನ್ನು ಮುದ್ರಿಸಿಲ್ಲ, ನೀವು E ಕೋಶವನ್ನು ಖಾಲಿ ಬಿಟ್ಟಿದ್ದೀರಿ. ಖಾಲಿ ಕೋಶವನ್ನು ಸೂತ್ರ ಸೊನ್ನೆ ಎಂದು ಓದುತ್ತದೆ. 46 ಸೊನ್ನೆಗಿಂತ ಹೆಚ್ಚಿರುವುದರಿಂದ H ಬಂತು.

ಎರಡಕ್ಕೂ ಸೇರಿಸಿ ಹೀಗೆ ಬರೆಯಿರಿ:

```
=IF(NOT(ISNUMBER(B2)),"?",
 IF(AND(D2<>"",B2<D2),"L",
 IF(AND(E2<>"",B2>E2),"H","")))
```

ಅಂಕಿಯಲ್ಲದ್ದು ಬಂದರೆ ತಾನೇ ಊಹಿಸದೆ ಪ್ರಶ್ನಾರ್ಥಕ ಚಿಹ್ನೆ ಹಾಕುತ್ತದೆ. ಅದನ್ನು ನೀವೇ ಹೋಗಿ ನೋಡಬೇಕು. ಮಿತಿಗೆ ಸರಿಸಮ ಇದ್ದರೆ ಗುರುತು ಬೀಳುವುದಿಲ್ಲ. 12.0 ಎಂದರೆ ಒಳಗೇ. ಮಿತಿಗಳ ಕಂಬಗಳಲ್ಲಿಯೂ ಎಡಕ್ಕೆ ಅಂಟಿಕೊಂಡದ್ದು ಯಾವುದೂ ಇರದಂತೆ ನೋಡಿಕೊಳ್ಳಿ. ಅಲ್ಲಿ ಅಕ್ಷರ ಸೇರಿಕೊಂಡರೆ ಗುರುತು ಉಲ್ಟಾ ಹೊಡೆಯುತ್ತದೆ.

ಇನ್ನು ಜೂನ್ ಒಂದರ ವಿಷಯ. 1-6 ಎಂದು ಒಂದೇ ಕೋಶದಲ್ಲಿ ಅಂಟಿಸಬೇಡಿ. 1 ಅನ್ನು D ಯಲ್ಲಿ, 6 ಅನ್ನು E ಯಲ್ಲಿ ಕೈಯಾರೆ ಬರೆಯಿರಿ. ಮುದ್ರಿಸಿದ್ದನ್ನು ಇದ್ದ ಹಾಗೆಯೇ ಉಳಿಸಿಕೊಳ್ಳಬೇಕೆಂದರೆ ಬೇರೊಂದು ಕಂಬವನ್ನು ಮೊದಲೇ ಟೆಕ್ಸ್ಟ್ ಎಂದು ಗೊತ್ತುಮಾಡಿ, ಆಮೇಲೆ ಅಂಟಿಸಿ. ಬೆಲೆಯ ಕಂಬಕ್ಕೆ ಮಾತ್ರ ಹಾಗೆ ಮಾಡಬೇಡಿ. ಮಾಡಿದರೆ ಎಲ್ಲವೂ ಅಕ್ಷರವಾಗಿ ಪುಟದ ತುಂಬ ಪ್ರಶ್ನೆಗಳೇ ಬರುತ್ತವೆ.

ತುಂಗಾತೀರ · 9:41

ಸೊನ್ನೆಯ ಜಾಗದಲ್ಲಿ O ಅಕ್ಷರವೇ ಇತ್ತು! ತಿದ್ದಿದ ಕೂಡಲೇ L ಬಂತು. ಎಚ್‌ಡಿಎಲ್‌ನ H ಕೂಡ ಹೋಯಿತು. ತುಂಬ ಉಪಕಾರವಾಯಿತು.

ಅಡಿಕೆ ತೋಟ · 9:58

ಇಷ್ಟು ಕಷ್ಟ ಏಕೆ? ವರದಿಯಿಂದ ಮಿತಿಗಳನ್ನು ನಕಲು ಮಾಡುವುದೇ ಬೇಡ. ಹಿಮೋಗ್ಲೋಬಿನ್, ಸಕ್ಕರೆ, ಥೈರಾಯ್ಡ್ ಎಲ್ಲದಕ್ಕೂ ಅಂತರ್ಜಾಲದಲ್ಲಿ ಸಾಮಾನ್ಯ ಮಿತಿಗಳ ಪಟ್ಟಿ ಸಿಗುತ್ತದೆ. ಒಮ್ಮೆ ತುಂಬಿಸಿಟ್ಟರೆ ಪ್ರತಿ ವರ್ಷ ಬೆಲೆಯನ್ನಷ್ಟೇ ಬದಲಿಸಿದರೆ ಸಾಕು. ಮನುಷ್ಯನ ರಕ್ತ ಎಲ್ಲ ಕಡೆ ಒಂದೇ ಅಲ್ಲವೇ? ನಮ್ಮ ಮನೆಯಲ್ಲಿ ನಾಲ್ಕು ವರ್ಷಗಳಿಂದ ಹೀಗೆಯೇ ನಡೆಯುತ್ತಿದೆ.

ಹುಬ್ಬಳ್ಳಿ ಲ್ಯಾಬ್ · 10:20

ನಾನು ಲ್ಯಾಬ್ ಟೆಕ್ನಿಷಿಯನ್, ಈ ಕೆಲಸಕ್ಕೆ ಸೇರಿ 18 ವರ್ಷವಾಯಿತು. ಅಡಿಕೆ ತೋಟದವರ ಮಾತಿನಲ್ಲಿ ಅರ್ಧ ಸರಿ ಇದೆ. ಉಪವಾಸದ ಸಕ್ಕರೆ, ಎಚ್‌ಬಿಎ1ಸಿ, ಕೊಲೆಸ್ಟರಾಲ್ ಇವುಗಳಿಗೆ ವೈದ್ಯರು ಒಪ್ಪಿಕೊಂಡ ಗಡಿಗಳಿವೆ. ಎಚ್‌ಬಿಎ1ಸಿ 6.5 ಎಂದರೆ ಹುಬ್ಬಳ್ಳಿಯಲ್ಲಿಯೂ ಮಂಗಳೂರಿನಲ್ಲಿಯೂ ಒಂದೇ ಅರ್ಥ. ಆದರೆ ಟಿಎಸ್‌ಎಚ್, ಬಿ12, ಯಕೃತ್ತಿನ ಕಿಣ್ವಗಳು ಹಾಗಲ್ಲ. ಯಂತ್ರ, ರಾಸಾಯನಿಕ ಕಿಟ್, ಅಳೆಯುವ ವಿಧಾನ ಬದಲಾದರೆ ಮಿತಿಯೂ ಬದಲಾಗುತ್ತದೆ. ಆ ಸಾಲಿನ ಬೆಲೆಗೆ ಆ ಸಾಲಿನಲ್ಲಿ ಮುದ್ರಿಸಿರುವ ಮಿತಿಯೇ ಜೊತೆ. ಬೇರೆ ಲ್ಯಾಬಿನ ಮಿತಿಯನ್ನು ತಂದು ಪಕ್ಕದಲ್ಲಿಟ್ಟರೆ ಇಲ್ಲದ ಕಾಯಿಲೆ ಕಾಣಿಸಬಹುದು, ಇರುವುದು ಮರೆಯಾಗಬಹುದು.

ತುಂಗಾತೀರ ಅವರೇ, ಕಳೆದ ವರ್ಷದ ವರದಿ ಬೇರೆ ಲ್ಯಾಬಿನದಾಗಿದ್ದರೆ ಅದರ ಮಿತಿಗಳಿಗೂ ಎರಡು ಪ್ರತ್ಯೇಕ ಕಂಬ ಮಾಡಿ. ಒಂದೇ ಜೋಡಿ ಮಿತಿಗೆ ಎರಡು ವರ್ಷದ ಬೆಲೆಗಳನ್ನು ಕಟ್ಟಬೇಡಿ.

ಅಡಿಕೆ ತೋಟ · 10:31

ಸರಿ, ಒಪ್ಪುತ್ತೇನೆ. ನಾಲ್ಕು ವರ್ಷದಲ್ಲಿ ಮೂರು ಲ್ಯಾಬ್ ಬದಲಿಸಿದ್ದೇವೆ. ಇವತ್ತು ಸಂಜೆ ಎಲ್ಲವನ್ನೂ ತೆಗೆದು ನೋಡುತ್ತೇನೆ.

ಮಳವಳ್ಳಿ · 10:37

ಮುದ್ರಿಸಿದ ಮಿತಿಯೇ ತಪ್ಪಿದ್ದರೆ? ನನ್ನ ಹೆಂಡತಿಯ ವರದಿಯಲ್ಲಿ ಹಿಮೋಗ್ಲೋಬಿನ್ 12.6 ಇತ್ತು, ಕಡಿಮೆ ಎಂದು ಗುರುತು ಹಾಕಿದ್ದರು. ಎರಡು ದಿನ ಮನೆಯಲ್ಲಿ ಅದೇ ಮಾತು. ಆಮೇಲೆ ನೋಡಿದರೆ ಮಿತಿ 13ರಿಂದ 17 ಎಂದಿದೆ. ಹೆಸರು ಬರೆಸಿಕೊಳ್ಳುವಾಗ ಹೆಂಗಸಿನ ಜಾಗದಲ್ಲಿ ಗಂಡಸು ಎಂದು ಒತ್ತಿದ್ದರು.

ಹುಬ್ಬಳ್ಳಿ ಲ್ಯಾಬ್ · 10:49

ಇದು ಆಗುತ್ತದೆ. ತಂತ್ರಾಂಶವು ನೋಂದಣಿಯಲ್ಲಿ ಬರೆದ ವಯಸ್ಸು, ಲಿಂಗ ನೋಡಿ ಮಿತಿಯನ್ನು ತಾನೇ ಮುದ್ರಿಸುತ್ತದೆ. ಅಲ್ಲಿ ತಪ್ಪಿದರೆ ಮಿತಿಯೂ ಗುರುತೂ ಎರಡೂ ತಪ್ಪು. ಆದ್ದರಿಂದ ಪಟ್ಟಿಗೆ ಕೈ ಹಚ್ಚುವ ಮೊದಲು ವರದಿಯ ತಲೆಭಾಗ ಓದಬೇಕು. ಸ್ಕ್ರೀನ್‌ಶಾಟ್‌ನಲ್ಲಿ ಮೊದಲು ಕತ್ತರಿಸಿ ಹೋಗುವುದೂ ಅದೇ ಭಾಗ. ಅಂಥ ತಪ್ಪು ಸಿಕ್ಕರೆ ಮನೆಯಲ್ಲಿ ತಿದ್ದಿಕೊಳ್ಳಬೇಡಿ, ಲ್ಯಾಬಿನಿಂದಲೇ ತಿದ್ದಿದ ವರದಿಯನ್ನು ಕೇಳಿ ಪಡೆಯಿರಿ.

ಕೆರೆ ಏರಿ · 11:05

ನನಗೆ ಈ ಇಡೀ ಕಸರತ್ತೇ ಅರ್ಥವಾಗುತ್ತಿಲ್ಲ. ಲ್ಯಾಬಿನವರೇ H, L ಹಾಕಿರುತ್ತಾರೆ. ವೈದ್ಯರು ಮೂಲ ವರದಿಯನ್ನು ನೋಡಿಯೇ ನೋಡುತ್ತಾರೆ. ಮನೆಯಲ್ಲಿ ಕೂತು ಕೆಂಪು ಬಣ್ಣ ಬಳಿದು ವಯಸ್ಸಾದವರನ್ನು ಹೆದರಿಸುವುದರಿಂದ ಏನು ಪ್ರಯೋಜನ? ನನ್ನ ತಂದೆಗೆ ಯಾವುದೋ ಒಂದು ಅಂಕಿ ಗಡಿ ದಾಟಿದ್ದನ್ನು ನನ್ನ ತಮ್ಮ ಕೆಂಪಾಗಿ ತೋರಿಸಿದ. ಒಂದು ವಾರ ಅವರು ನಿದ್ದೆ ಮಾಡಲಿಲ್ಲ. ವೈದ್ಯರು ಏನೂ ಇಲ್ಲ ಎಂದು ಕಳುಹಿಸಿದರು.

ತುಂಗಾತೀರ · 11:14

ನಮ್ಮ ವೈದ್ಯರ ಬಳಿ ಐದು ನಿಮಿಷ ಸಿಗುತ್ತದೆ. ಎರಡು ವರ್ಷದ ವರದಿ ಸೇರಿ ಒಂಬತ್ತು ಪುಟ. ಹುಡುಕುವುದರಲ್ಲೇ ಆ ಐದು ನಿಮಿಷ ಮುಗಿಯಬಾರದು ಎಂಬುದಷ್ಟೇ ನನ್ನ ಆಸೆ. ತಾಯಿಗೆ ಪಟ್ಟಿ ತೋರಿಸುವುದಿಲ್ಲ. ಲ್ಯಾಬಿನವರು ಗುರುತು ಹಾಕಿರುವ ಅಂಚು ನನಗೆ ಬಂದ ಸ್ಕ್ರೀನ್‌ಶಾಟ್‌ನಲ್ಲಿ ಕತ್ತರಿಸಿ ಹೋಗಿದೆ.

ಹುಬ್ಬಳ್ಳಿ ಲ್ಯಾಬ್ · 11:30

ಕೆರೆ ಏರಿಯವರ ಮಾತಿನಲ್ಲಿಯೂ ಹುರುಳಿದೆ. ಈ ಮಿತಿಗಳನ್ನು ಸಾಮಾನ್ಯವಾಗಿ ಆರೋಗ್ಯವಂತರ ರಕ್ತವನ್ನು ಅಳೆದು, ನೂರರಲ್ಲಿ ನಡುವಿನ 95 ಜನ ಒಳಗೆ ಬರುವಂತೆ ಗೊತ್ತುಮಾಡುತ್ತಾರೆ. ಅಂದರೆ ಉಳಿದ ಐವರಿಗೆ ಕಾಯಿಲೆಯಿಲ್ಲ, ಆದರೂ ಅವರು ಗಡಿಯ ಆಚೆ. ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆ ಮಾಡಿಸಿದರೆ, ಪೂರ್ತಿ ಆರೋಗ್ಯವಂತನಿಗೂ ಒಂದಾದರೂ ಗುರುತು ಬೀಳುವ ಸಾಧ್ಯತೆ ನೂರಕ್ಕೆ 64ರಷ್ಟು. ಹಾಗಾಗಿ ಗುರುತು ಎಂದರೆ "ಇದನ್ನೊಮ್ಮೆ ನೋಡಿ" ಎಂದಷ್ಟೇ. ಕೆಂಪು ಬಣ್ಣ ಬಳಿಯದೆ H, L ಎಂದು ಕಪ್ಪು ಅಕ್ಷರದಲ್ಲಿ ಬರೆದರೆ ಸಾಕು.

ಕೆರೆ ಏರಿ · 11:36

ಕಪ್ಪು ಅಕ್ಷರವಾದರೆ ನನ್ನ ತಕರಾರಿಲ್ಲ. ಆದರೂ ಮೂಲ ವರದಿಯನ್ನು ಬಿಟ್ಟು ಈ ಹಾಳೆಯೊಂದನ್ನೇ ಹಿಡಿದು ಹೋಗಬೇಡಿ.

ಹುಬ್ಬಳ್ಳಿ ಲ್ಯಾಬ್ · 11:52

ತುಂಗಾತೀರ ಅವರೇ, ಗುರುತಿನ ಸೂತ್ರ ಸರಿಯಾಯಿತು. ಆದರೆ ನನಗೆ ಹೆಚ್ಚು ಚಿಂತೆ ಬೆಲೆಗಳದ್ದು. ಸೊನ್ನೆಯನ್ನು O ಎಂದು ಓದಿದ ಸಾಧನ ಮತ್ತೇನನ್ನು ತಪ್ಪಾಗಿ ಓದಿದೆಯೋ ಗೊತ್ತಿಲ್ಲ. ಮಿತಿಯಿಂದ ಬಹಳ ದೂರ ಹೋದ ತಪ್ಪು ತಾನೇ ಕಣ್ಣಿಗೆ ಬೀಳುತ್ತದೆ. ತಪ್ಪಾಗಿ ಓದಿದ ಅಂಕಿಯೂ ಮಿತಿಯ ಒಳಗೇ ಬಿದ್ದರೆ ಗುರುತು ಬರುವುದಿಲ್ಲ, ಯಾರಿಗೂ ತಿಳಿಯುವುದಿಲ್ಲ. ಕೆಂಪು ರಕ್ತಕಣದ ಭಾಗದ ಏಳು ಸಾಲುಗಳನ್ನು ಇಲ್ಲಿ ಬರೆಯಿರಿ. ಚಿತ್ರ ಬೇಡ.

ತುಂಗಾತೀರ · 12:04

ನನ್ನ ಹಾಳೆಯಲ್ಲಿ ಇರುವಂತೆ:

```
ಪರೀಕ್ಷೆ            ಬೆಲೆ    ಕೆಳಮಿತಿ  ಮೇಲ್ಮಿತಿ  ಗುರುತು
ಹಿಮೋಗ್ಲೋಬಿನ್      10.4    12.0    15.0    L
ಕೆಂಪು ಕಣ ಎಣಿಕೆ     4.02    3.8     4.8
ಪಿಸಿವಿ             33.1    36      46      L
ಎಂಸಿವಿ            71.6    83      101     L
ಎಂಸಿಎಚ್           22.5    27      32      L
ಎಂಸಿಎಚ್‌ಸಿ         31.4    31.5    34.5    L
ಆರ್‌ಡಿಡಬ್ಲ್ಯೂ       17.2    11.6    14.0    H
```

ಹುಬ್ಬಳ್ಳಿ ಲ್ಯಾಬ್ · 12:21

ಕೆಂಪು ಕಣದ ಎಣಿಕೆಯನ್ನು ಮತ್ತೊಮ್ಮೆ ನೋಡಿ. 4.02 ಆಗಿರಲಾರದು.

ಹೇಗೆ ಗೊತ್ತಾಯಿತು ಎಂದು ಹೇಳುತ್ತೇನೆ, ಮುಂದಿನ ಸಲ ನೀವೇ ಮಾಡಬಹುದು. ಈ ಸಾಲುಗಳು ಒಂದಕ್ಕೊಂದು ಕಟ್ಟಿಕೊಂಡಿವೆ. ಪಿಸಿವಿಯನ್ನು ಕೆಂಪು ಕಣದ ಎಣಿಕೆಯಿಂದ ಭಾಗಿಸಿ ಹತ್ತರಿಂದ ಗುಣಿಸಿದರೆ ಎಂಸಿವಿ ಬರಬೇಕು. 33.1 ಭಾಗಿಸು 4.02, ಗುಣಿಸು 10 ಎಂದರೆ 82.3. ನಿಮ್ಮ ಹಾಳೆಯಲ್ಲಿ 71.6 ಇದೆ. ಹಿಮೋಗ್ಲೋಬಿನ್ ಅನ್ನು ಅದೇ ಎಣಿಕೆಯಿಂದ ಭಾಗಿಸಿ ಹತ್ತರಿಂದ ಗುಣಿಸಿದರೆ ಎಂಸಿಎಚ್. ಅದು 25.9 ಬರುತ್ತದೆ, ನಿಮ್ಮಲ್ಲಿ 22.5. ಎರಡೂ ಕೂಡಿಬರಲಿಲ್ಲ.

ಮೂರನೆಯದು ಎಂಸಿಎಚ್‌ಸಿ. ಹಿಮೋಗ್ಲೋಬಿನ್ ಅನ್ನು ಪಿಸಿವಿಯಿಂದ ಭಾಗಿಸಿ ನೂರರಿಂದ ಗುಣಿಸಬೇಕು. 31.4 ಬರುತ್ತದೆ, ಸರಿಯಾಗಿದೆ. ಅಂದರೆ ಹಿಮೋಗ್ಲೋಬಿನ್ ಸರಿ, ಪಿಸಿವಿಯೂ ಸರಿ. ಕೆಂಪು ಕಣದ ಎಣಿಕೆ ಬಳಕೆಯಾದ ಎರಡು ಲೆಕ್ಕ ಮಾತ್ರ ಕೆಟ್ಟಿವೆ. ಹಾಗಾದರೆ ಕಳ್ಳ ಅಲ್ಲೇ ಇದ್ದಾನೆ. ಯಂತ್ರವು ಇವುಗಳಲ್ಲಿ ಕೆಲವನ್ನು ಅಳೆದು ಉಳಿದದ್ದನ್ನು ಲೆಕ್ಕದಿಂದ ಪಡೆಯುತ್ತದೆ. ಹಾಗಾಗಿ ದಶಾಂಶದ ಕೊನೆಯಲ್ಲಿ ಒಂದೆರಡು ಅಂಕಿಯ ವ್ಯತ್ಯಾಸ ಇರಬಹುದು, ಹತ್ತು ಅಂಕಿಯ ವ್ಯತ್ಯಾಸ ಇರಲಾರದು.

ತುಂಗಾತೀರ · 12:33

ಸ್ಕ್ರೀನ್‌ಶಾಟ್ ಅನ್ನು ಪೂರ್ತಿ ದೊಡ್ಡದು ಮಾಡಿ ನೋಡಿದೆ. 4.62! ಆರರ ಮೇಲಿನ ಕೊಂಡಿ ಮಸುಕಾಗಿ ಕೆಳಗಿನ ಹೊಟ್ಟೆಗೆ ಸೇರಿಕೊಂಡು ಸೊನ್ನೆಯಂತೆ ಕಾಣುತ್ತಿದೆ. ನಾನು ಒಮ್ಮೆ ಕಣ್ಣಾಡಿಸಿ ಸರಿ ಎಂದೇ ಮುಂದೆ ಹೋಗಿದ್ದೆ. 4.62 ಹಾಕಿದರೆ 71.6 ಮತ್ತು 22.5 ಎರಡೂ ಕರಾರುವಾಕ್ಕಾಗಿ ಬರುತ್ತವೆ.

ಜಮಾ ಖರ್ಚು · 12:40

ನಾವು ತಾಳೆಪಟ್ಟಿಯಲ್ಲಿ ಮಾಡುವುದೂ ಇದನ್ನೇ. ಅಡ್ಡ ಮೊತ್ತ, ಉದ್ದ ಮೊತ್ತ ಎರಡೂ ಕೂಡಬೇಕು. ಬೇರೆ ಯಾವ ಸಾಲುಗಳಿಗೆ ಹೀಗೆ ಲೆಕ್ಕವಿದೆ ಸಾರ್?

ಹುಬ್ಬಳ್ಳಿ ಲ್ಯಾಬ್ · 12:58

ಬಿಳಿ ಕಣಗಳ ಐದು ಶೇಕಡಾವಾರು ಕೂಡಿದರೆ 100 ಆಗಬೇಕು. ಒಟ್ಟು ಪ್ರೋಟೀನ್‌ನಲ್ಲಿ ಆಲ್ಬುಮಿನ್ ಕಳೆದರೆ ಗ್ಲಾಬ್ಯುಲಿನ್. ಒಟ್ಟು ಬಿಲಿರುಬಿನ್‌ನಲ್ಲಿ ಡೈರೆಕ್ಟ್ ಕಳೆದರೆ ಇನ್‌ಡೈರೆಕ್ಟ್. ಕೊಲೆಸ್ಟರಾಲ್ ಭಾಗದಲ್ಲಿ ಎಚ್‌ಡಿಎಲ್, ಎಲ್‌ಡಿಎಲ್, ವಿಎಲ್‌ಡಿಎಲ್ ಮೂರೂ ಕೂಡಿದರೆ ಒಟ್ಟು ಕೊಲೆಸ್ಟರಾಲ್. ಆದರೆ ಎಲ್‌ಡಿಎಲ್ ಅನ್ನು ನೇರವಾಗಿ ಅಳೆಯುವ ಲ್ಯಾಬ್‌ಗಳಲ್ಲಿ ಈ ಕೊನೆಯ ಲೆಕ್ಕ ಸರಿಯಾಗಿ ಕೂಡಿಬರುವುದಿಲ್ಲ. ಅಲ್ಲಿ ಕೂಡಲಿಲ್ಲವೆಂದು ನಕಲು ತಪ್ಪಿದೆ ಎಂದುಕೊಳ್ಳಬೇಡಿ.

ಕ್ರಿಯಾಟಿನಿನ್, ಸಕ್ಕರೆ, ಟಿಎಸ್‌ಎಚ್, ಬಿ12 ಇವೆಲ್ಲ ಒಂಟಿ ಅಂಕಿಗಳು. ತಾಳೆ ನೋಡಲು ಜೊತೆಯೇ ಇಲ್ಲ. ಅಲ್ಲಿ ಕಣ್ಣೇ ಗತಿ. ನಿಮ್ಮ ಚಿತ್ರದಲ್ಲಿ ಆರು ಸೊನ್ನೆಯಾಗಿರುವುದು ಒಮ್ಮೆ ಸಾಬೀತಾಗಿದೆ. ಆದ್ದರಿಂದ ವರದಿಯ ಒಂಟಿ ಅಂಕಿಗಳಲ್ಲಿ ಎಲ್ಲೆಲ್ಲಿ ಸೊನ್ನೆ, ಆರು, ಎಂಟು ಇವೆಯೋ ಅಷ್ಟನ್ನೂ ಮತ್ತೆ ನೋಡಿ. ಇನ್ನೊಂದು: ಗುರುತಿನ ಅಂಚು ಕತ್ತರಿಸಿ ಹೋಗಿದ್ದರೂ, ಹೊರಗಿರುವ ಬೆಲೆಯನ್ನು ದಪ್ಪ ಅಕ್ಷರದಲ್ಲಿ ಮುದ್ರಿಸುವ ಲ್ಯಾಬ್‌ಗಳುಂಟು. ದಪ್ಪ ಅಕ್ಷರದ ಸಾಲುಗಳು ಎಷ್ಟಿವೆ ಎಣಿಸಿ. ನಿಮ್ಮ ಹಾಳೆಯಲ್ಲಿ ಎಷ್ಟು ಗುರುತುಗಳಿವೆ ಎಣಿಸಿ.

ಗೌರಿಬಿದನೂರು · 1:10

ನನ್ನ ಪ್ರಶ್ನೆಯೂ ಇದಕ್ಕೆ ಸೇರುತ್ತದೆ. ಡೆಂಗಿ ಬಂದಾಗ ತಮ್ಮನಿಗೆ ಮೂರು ದಿನ ಎರಡು ಕಡೆ ಪ್ಲೇಟ್‌ಲೆಟ್ ಪರೀಕ್ಷೆ ಮಾಡಿಸಿದೆವು. ಒಂದು ಕಡೆ 0.92, ಇನ್ನೊಂದು ಕಡೆ 88. ಎಕ್ಸೆಲ್‌ನಲ್ಲಿ ಹಾಕಿ ನಕ್ಷೆ ಮಾಡಿದರೆ ಗೋಪುರದ ಹಾಗೆ ಏರಿತು. ಪ್ಲೇಟ್‌ಲೆಟ್ ಹೆಚ್ಚಾಯಿತು ಎಂದು ಅಮ್ಮ ದೇವರಿಗೆ ಕೈಮುಗಿದರು.

ಹುಬ್ಬಳ್ಳಿ ಲ್ಯಾಬ್ · 1:17

ಮೊದಲನೆಯದು ಲಕ್ಷದಲ್ಲಿದೆ, ಎರಡನೆಯದು ಸಾವಿರದಲ್ಲಿ. 0.92 ಲಕ್ಷ ಎಂದರೆ 92 ಸಾವಿರ. ಅಲ್ಲಿಂದ 88 ಸಾವಿರಕ್ಕೆ ಬಂದಿದೆ ಎಂದರೆ ಇಳಿದಿದೆ. ಮಾನದ ಕಂಬ ಇಲ್ಲದೆ ಪ್ಲೇಟ್‌ಲೆಟ್ ಅನ್ನು ಬರೆಯಲೇಬಾರದು. ತಮ್ಮ ಈಗ ಹೇಗಿದ್ದಾರೆ?

ಗೌರಿಬಿದನೂರು · 1:20

ಪೂರ್ತಿ ಗುಣವಾಗಿದ್ದಾನೆ. ಕಳೆದ ಮಳೆಗಾಲದ ಮಾತು. ಆ ದಿನವೂ ವೈದ್ಯರೇ ಮಾನವನ್ನು ನೋಡಿ ಸರಿಪಡಿಸಿದ್ದು.

ಲೀಡ್ಸ್ ಕನ್ನಡತಿ · 1:34

ಇಂಗ್ಲೆಂಡಿನಲ್ಲಿ ದಾದಿಯಾಗಿದ್ದೇನೆ. ಇಲ್ಲಿನ ವರದಿಯಲ್ಲಿ ಹಿಮೋಗ್ಲೋಬಿನ್ ಲೀಟರಿಗೆ ಇಷ್ಟು ಗ್ರಾಂ ಎಂದಿರುತ್ತದೆ, ಆದ್ದರಿಂದ ನಿಮ್ಮ ತಾಯಿಯ 10.4 ಇಲ್ಲಿ 104. ಸಕ್ಕರೆಯ ಮಾನವೂ ಬೇರೆ. ಇಲ್ಲಿನ 6.1 ಅನ್ನು 18ರಿಂದ ಗುಣಿಸಿದರೆ ಊರಿನ 110. ಊರಿನಿಂದ ಬರುವ ಅಪ್ಪ ಅಮ್ಮಂದಿರ ವರದಿಯನ್ನು ಇಲ್ಲಿನ ವೈದ್ಯರಿಗೆ ಕೊಡುವವರು ನನ್ನನ್ನು ಕೇಳುತ್ತಲೇ ಇರುತ್ತಾರೆ. ಪರಿವರ್ತಿಸಿದ ಅಂಕಿಯನ್ನು ಪಕ್ಕದಲ್ಲಿ ಹೊಸ ಕಂಬದಲ್ಲಿ ಬರೆಯಿರಿ, ಮುದ್ರಿತ ಬೆಲೆಯ ಮೇಲೆ ಬರೆಯಬೇಡಿ ಎನ್ನುತ್ತೇನೆ. ಪರಿವರ್ತಿಸಿದರೆ ಮಿತಿಗಳನ್ನೂ ಪರಿವರ್ತಿಸಬೇಕು, ಅದನ್ನೇ ಹೆಚ್ಚಿನವರು ಮರೆಯುವುದು.

ತುಂಗಾತೀರ · 1:52

ದಪ್ಪ ಅಕ್ಷರದ ಸಾಲುಗಳು ಏಳು. ನನ್ನ ಹಾಳೆಯಲ್ಲಿ ಗುರುತುಗಳು ಆರು.

ಏಳನೆಯದು ಟಿಎಸ್‌ಎಚ್. ಮಿತಿ 0.4ರಿಂದ 4.2. ನನ್ನ ಹಾಳೆಯಲ್ಲಿ 0.85 ಎಂದಿದೆ, ಅದು ಮಿತಿಯ ಒಳಗೆ. ಆದರೆ ವರದಿಯಲ್ಲಿ ಅದನ್ನು ದಪ್ಪವಾಗಿ ಮುದ್ರಿಸಿದ್ದಾರೆ. ಎಷ್ಟು ದೊಡ್ಡದು ಮಾಡಿದರೂ ಮೊದಲ ಅಂಕಿ ಸೊನ್ನೆಯೋ ಆರೋ ತಿಳಿಯುತ್ತಿಲ್ಲ.

ಹುಬ್ಬಳ್ಳಿ ಲ್ಯಾಬ್ · 1:56

ಊಹಿಸಬೇಡಿ. ಆ ಕೋಶದಲ್ಲಿ ಪ್ರಶ್ನಾರ್ಥಕ ಹಾಕಿ, ತಂದೆಯವರಿಂದ ಪಿಡಿಎಫ್ ತರಿಸಿ. ವಾಟ್ಸ್ಆ್ಯಪ್‌ನಲ್ಲಿ ಚಿತ್ರವಾಗಿ ಕಳುಹಿಸಿದರೆ ಗಾತ್ರ ಕುಗ್ಗಿ ಅಕ್ಷರ ಮಸುಕಾಗುತ್ತದೆ. ಡಾಕ್ಯುಮೆಂಟ್ ಆಗಿ ಕಳುಹಿಸಲು ಹೇಳಿ.

ಹೇಮಾವತಿ · 2:15

ನನ್ನದನ್ನೂ ನೋಡುತ್ತೀರಾ ಸಾರ್? ಪೂರ್ತಿ ವರದಿಯ ಚಿತ್ರ ಹಾಕಿದ್ದೇನೆ.

ನಿರ್ವಾಹಕರು · 2:18

ಹೇಮಾವತಿ ಅವರೇ, ಚಿತ್ರದಲ್ಲಿ ಹೆಸರು, ಫೋನ್ ಸಂಖ್ಯೆ ಮತ್ತು ವೈದ್ಯರ ಹೆಸರು ಕಾಣುತ್ತಿದ್ದುದರಿಂದ ಅದನ್ನು ತೆಗೆದಿದ್ದೇವೆ. ಅಂಕಿಗಳನ್ನು ಮಾತ್ರ ಟೈಪ್ ಮಾಡಿ ಹಾಕಿ.

ಮಳವಳ್ಳಿ · 2:40

ತುಂಗಾತೀರ ಅವರು ವಿಟಮಿನ್ ಡಿ ಮಾಡಿಸಿದ್ದಾರೆಯೇ? ಅದಕ್ಕೆ ಒಂದೇ ಮಿತಿ ಇರುವುದಿಲ್ಲ. ನಮ್ಮ ವರದಿಯಲ್ಲಿ 20ಕ್ಕಿಂತ ಕಡಿಮೆ ಕೊರತೆ, 20ರಿಂದ 30 ಸಾಲದು, 30ರಿಂದ 100 ಸಾಕಷ್ಟು ಎಂದು ಮೂರು ಸಾಲು ಇವೆ. D ಯಲ್ಲಿ ಏನು ಬರೆಯುವುದು?

ತುಂಗಾತೀರ · 2:44

ಮಾಡಿಸಿದ್ದೇವೆ, 17.8 ಇದೆ. ಹೀಗೆಯೇ ಮೂರು ಸಾಲು. ಏನು ಮಾಡುವುದೆಂದು ತಿಳಿಯದೆ ಖಾಲಿ ಬಿಟ್ಟಿದ್ದೆ. ಲ್ಯಾಬಿನವರೂ ಅದನ್ನು ದಪ್ಪವಾಗಿ ಮುದ್ರಿಸಿಲ್ಲ.

ಜಮಾ ಖರ್ಚು · 2:51

ಸಾಕಷ್ಟು ಎಂಬುದನ್ನೇ ಮಿತಿ ಎಂದು ಹಿಡಿಯಿರಿ. D ಯಲ್ಲಿ 30, E ಯಲ್ಲಿ 100. L ತಾನಾಗಿ ಬರುತ್ತದೆ.

ಹುಬ್ಬಳ್ಳಿ ಲ್ಯಾಬ್ · 3:05

ನಾನು ಒಪ್ಪುವುದಿಲ್ಲ. ಹಾಗೆ ಮಾಡಿದರೆ 29ಕ್ಕೂ L, 8ಕ್ಕೂ L. ಮುದ್ರಿಸಿರುವ ಹಂತದ ಹೆಸರನ್ನೇ ಗುರುತಿನ ಕಂಬದಲ್ಲಿ ಬರೆಯಬೇಕು. 17.8ರ ಎದುರು "ಕೊರತೆ" ಎಂದು ಬರೆಯಿರಿ. ಎಚ್‌ಬಿಎ1ಸಿಗೂ ಹೀಗೆಯೇ.

ಜಮಾ ಖರ್ಚು · 3:11

ಆದರೆ L ಇರುವ ಸಾಲುಗಳನ್ನು ಮಾತ್ರ ಆರಿಸಿ ತೆಗೆಯುವಾಗ "ಕೊರತೆ" ಎಂಬ ಸಾಲು ಬಿಟ್ಟುಹೋಗುತ್ತದೆ. ಬಿಟ್ಟುಹೋಗುವುದಕ್ಕಿಂತ ಒರಟಾದ ಗುರುತೇ ಮೇಲು.

ಲೀಡ್ಸ್ ಕನ್ನಡತಿ · 3:20

ಎರಡು ಕಂಬ ಮಾಡಬಹುದು, ಒಂದರಲ್ಲಿ L, ಇನ್ನೊಂದರಲ್ಲಿ ಹಂತ. ಆದರೆ ಕಂಬ ಹೆಚ್ಚಿದಷ್ಟೂ ಐದು ನಿಮಿಷದಲ್ಲಿ ಓದುವುದು ಕಷ್ಟ.

ಅಡಿಕೆ ತೋಟ · ಸಂಜೆ 6:30

ನಮ್ಮ ಹಳೆಯ ವರದಿಗಳನ್ನೆಲ್ಲ ತೆಗೆದು ಕುಳಿತಿದ್ದೇನೆ. ಬಿ12ಕ್ಕೆ ಮೂರು ಲ್ಯಾಬಿನಲ್ಲಿ ಮೂರು ಕೆಳಮಿತಿ. ನಾನು ಕಡಿಮೆ ಎಂದು ಗುರುತಿಸಿಟ್ಟಿದ್ದ ಒಂದು ಬೆಲೆ ಅದೇ ವರದಿಯ ಮಿತಿಯೊಳಗೇ ಇದೆ. ಹಾಳೆಯನ್ನು ಹೊಸದಾಗಿ ಮಾಡುತ್ತೇನೆ.

ತುಂಗಾತೀರ · ರಾತ್ರಿ 8:05

ತಂದೆಯವರು ಲ್ಯಾಬಿಗೆ ಹೋಗಿ ಪಿಡಿಎಫ್ ಕಳುಹಿಸಿದರು. ಟಿಎಸ್‌ಎಚ್ 6.85. ಎದುರಿಗೆ H ಎಂದು ಸ್ಪಷ್ಟವಾಗಿ ಮುದ್ರಿಸಿದ್ದಾರೆ. ನನ್ನ ಹಾಳೆಯ ಪ್ರಕಾರ ಅಮ್ಮನ ಥೈರಾಯ್ಡ್‌ನಲ್ಲಿ ಏನೂ ಇರಲಿಲ್ಲ. ಸೋಮವಾರ ಅದೇ ಹಾಳೆಯನ್ನು ವೈದ್ಯರ ಮುಂದೆ ಇಡುತ್ತಿದ್ದೆ ಎಂದು ನೆನೆದರೆ ಕೈ ತಣ್ಣಗಾಗುತ್ತದೆ.

ಪಿಡಿಎಫ್‌ನಿಂದ ಅಕ್ಷರಗಳು ನೇರವಾಗಿ ನಕಲಾದವು, ಚಿತ್ರದಿಂದ ಎತ್ತುವ ಅಗತ್ಯವೇ ಬೀಳಲಿಲ್ಲ. ಎಲ್ಲ 31 ಸಾಲುಗಳನ್ನು ನನ್ನ ತಂಗಿ ಗಟ್ಟಿಯಾಗಿ ಓದಿದಳು, ನಾನು ಹಾಳೆಯಲ್ಲಿ ಬೆರಳಿಟ್ಟು ನೋಡಿದೆ. ಸ್ಕ್ರೀನ್‌ಶಾಟ್‌ನಲ್ಲಿ ಸಾಲುಗಳು 30 ಇದ್ದವು. ಎರಡನೆಯ ಮತ್ತು ಮೂರನೆಯ ಚಿತ್ರದ ನಡುವೆ ಯೂರಿಕ್ ಆಮ್ಲದ ಸಾಲು ಬಿಟ್ಟುಹೋಗಿತ್ತು. ಅದು ಮಿತಿಯೊಳಗೇ ಇದೆ.

ಚಾಮುಂಡಿಪುರದ ಅಕ್ಕ · 8:12

ಒಳ್ಳೆಯದಾಯಿತು ತಂಗಿ. ಥೈರಾಯ್ಡ್ ಇದ್ದರೂ ಸುಸ್ತು ಬರುತ್ತದೆ ಎಂದು ನಮ್ಮ ವೈದ್ಯರು ಹೇಳಿದ್ದರು. ಎರಡನ್ನೂ ಹೇಳು, ಒಂದನ್ನೇ ಹೇಳಿ ಬರಬೇಡ.

ಹುಬ್ಬಳ್ಳಿ ಲ್ಯಾಬ್ · 8:25

ಕಳೆದ ವರ್ಷದ ಟಿಎಸ್‌ಎಚ್ ಇದೆಯೇ? ಇದ್ದರೆ ಅದರ ಮಿತಿಯನ್ನು, ರಕ್ತ ಕೊಟ್ಟ ದಿನಾಂಕ ಮತ್ತು ಹೊತ್ತನ್ನು ಪಕ್ಕದಲ್ಲಿ ಬರೆಯಿರಿ. ಟಿಎಸ್‌ಎಚ್ ಬೆಳಗಿನ ಜಾವ ಹೆಚ್ಚು, ಮಧ್ಯಾಹ್ನಕ್ಕೆ ಇಳಿಯುತ್ತದೆ. ಎರಡು ಬೆಲೆಗಳನ್ನು ಹೋಲಿಸುವಾಗ ವೈದ್ಯರು ಅದನ್ನು ಕೇಳಬಹುದು.

ತುಂಗಾತೀರ · 8:31

ಇದೆ, 3.9. ಮಿತಿ 0.35ರಿಂದ 4.94, ಬೇರೆ ಲ್ಯಾಬ್. ಆ ವರದಿಯಲ್ಲಿ ಹೊತ್ತನ್ನು ಮುದ್ರಿಸಿಲ್ಲ. ಅಮ್ಮನನ್ನೇ ಕೇಳಿದೆ, ಮಧ್ಯಾಹ್ನ ಊಟವಾದ ಮೇಲೆ ಹೋಗಿದ್ದೆವು ಎಂದರು. ಅದನ್ನು ಪೆನ್ನಿನಲ್ಲಿ ಬರೆದುಕೊಂಡಿದ್ದೇನೆ.